ಭೂಮಿ ಕೇಳಿದರೆ ಟ್ರೇ ಕೊಡ್ತಾರೆ: ಹೈಡ್ರೋಪೋನಿಕ್ಸ್ ಮೇವಿನ ಅಸಲಿ ಲೆಕ್ಕ

ಬಂಧುಗಳೇ, ಸ್ವಲ್ಪ ಉದ್ದದ ಪೋಸ್ಟ್. ಮನೆಯಲ್ಲಿ ಒಂದೋ ಎರಡೋ ಹಸು ಇರೋರು ಪೂರ್ತಿ ಓದಿ. ನಮ್ಮ ಕಾಲೋನಿಗಳಲ್ಲಿ ಈಗ ಒಂದು ಹೊಸ ಮಾತು ಓಡಾಡ್ತಿದೆ. "ಜಮೀನು ಇಲ್ಲ ಅಂತ ಯಾಕೆ ಅಳ್ತೀರಿ, ಮಣ್ಣೇ ಇಲ್ಲದೆ ಮೇವು ಬೆಳೀಬಹುದು. ಒಂದು ಕೆಜಿ ಮುಸುಕಿನ ಜೋಳ ಹಾಕಿ, ಎಂಟೇ ದಿನಕ್ಕೆ ಹತ್ತು ಕೆಜಿ ಹಸಿ ಮೇವು ತಗೊಳ್ಳಿ. ಕೆಜಿಗೆ ಬರೀ ಎರಡು ರೂಪಾಯಿ." ಬಣ್ಣದ ಕರಪತ್ರ, ಜೊತೆಗೆ ಸಾಲದ ಅರ್ಜಿ. ಇದನ್ನ ತಗೊಂಡು ಅವರು ಹತ್ತು ಎಕರೆ ಇರೋ ಗೌಡರ ಮನೆಗೆ ಹೋಗಲ್ಲ, ನಮ್ಮ ಹೆಣ್ಣುಮಕ್ಕಳ ಸಂಘಕ್ಕೆ ಬರ್ತಾರೆ.

ನಾನು ಗುಮಾಸ್ತ. ದಿನಾ ಲೆಕ್ಕ ಬರೆದೇ ಸಂಬಳ ತಗೊಳ್ಳೋನು. ನಮ್ಮ ಕೋಲಾರದ ಕಡೆ ನಮ್ಮ ಅಕ್ಕ ಈ ಯೂನಿಟ್ ಹಾಕಿಸಿಕೊಂಡಾಗ ದಿನದ ಲೆಕ್ಕ ಬರೆಯೋಕೆ ಒಂದು ನೋಟ್‌ಬುಕ್ ಕೊಟ್ಟು ಬಂದೆ. ಇಲ್ಲಿ ಬರೆಯೋದು ಆ ನೋಟ್‌ಬುಕ್ಕಿನ ಮಾತು.

ಅಕ್ಕನ ಹತ್ತಿರ ಎರಡು ಸೀಮೆಹಸು. ನೆರಳು ಪರದೆ, 32 ಟ್ರೇ, ನೀರು ಚಿಮುಕಿಸೋ ಮೋಟಾರು, ಟೈಮರ್ ಎಲ್ಲಾ ಸೇರಿ 45,000 ರೂಪಾಯಿ. ಕೆಲಸ ಹೀಗೆ: ದಿನಕ್ಕೆ ನಾಲ್ಕು ಕೆಜಿ ಕಾಳು ಆರಿಸಬೇಕು, ಒಡಕು ಕಾಳು ತೆಗೀಬೇಕು. ಬ್ಲೀಚಿಂಗ್ ಪುಡಿಯ ತೆಳು ನೀರಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ಒಂದು ರಾತ್ರಿ ನೆನೆಹಾಕಬೇಕು. ಆಮೇಲೆ ಗೋಣಿಚೀಲದಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಿ, ಟ್ರೇಗೆ ಒಂದೊಂದು ಕೆಜಿಯಂತೆ ಹರಡಬೇಕು. ಎರಡು ಗಂಟೆಗೊಮ್ಮೆ ನೀರು. ಎಂಟನೇ ದಿನಕ್ಕೆ ಬೇರು ಹೆಣೆದುಕೊಂಡು ಚಾಪೆ ಥರ ಎದ್ದು ಬರುತ್ತೆ, ಮೇಲೆ ಒಂದು ಗೇಣು ಹಸಿರು. ನೋಡೋಕೆ ಚೆಂದ, ಅದರಲ್ಲಿ ಎರಡು ಮಾತಿಲ್ಲ.

ಆದರೆ ತೂಕ? ಹತ್ತು ಕೆಜಿ ಒಂದು ದಿನವೂ ಬರಲಿಲ್ಲ. ಕಾಳು ಚೆನ್ನಾಗಿದ್ದಾಗ ಐದೂವರೆ ಕೆಜಿ. ನಾಲ್ಕು ಟ್ರೇಗೆ 22 ಕೆಜಿ ಅಂತ ಇಟ್ಟುಕೊಳ್ಳಿ.

ಅಸಲಿ ಮೋಸ ಇರೋದು ಇನ್ನೂ ಮುಂದೆ. ಆ 22 ಕೆಜಿಯಲ್ಲಿ ಮೇವೆಷ್ಟು, ನೀರೆಷ್ಟು? ಒಂದು ಕೆಜಿ ಚಾಪೆ ಕತ್ತರಿಸಿ ಬಿಸಿಲಲ್ಲಿ ಹರಡಿ. ಮೂರು ನಾಲ್ಕು ದಿನ, ಗರಿಗರಿ ಆಗೋವರೆಗೂ ಒಣಗಲಿ. ತಕ್ಕಡಿಗೆ ಹಾಕಿದರೆ 150 ಗ್ರಾಂ ಆಸುಪಾಸು ಬರುತ್ತೆ. ಪೂರಾ ತೇವ ಕಳೆದರೆ 140. ಮಿಕ್ಕಿದ್ದೆಲ್ಲಾ ನೀರು. ಹಸು ನೀರನ್ನ ತೊಟ್ಟಿಯಲ್ಲೇ ಕುಡಿಯುತ್ತೆ, ಅದಕ್ಕೆ ನಲವತ್ತೈದು ಸಾವಿರದ ಯಂತ್ರ ಬೇಡ.

ಇನ್ನೊಂದು ಕಡೆಯಿಂದ ನೋಡಿ. ಒಂದು ಕೆಜಿ ಒಣ ಕಾಳಲ್ಲಿ ತೇವ ಕಳೆದರೆ ಸುಮಾರು 880 ಗ್ರಾಂ ತಿನ್ನೋ ಪದಾರ್ಥ ಇರುತ್ತೆ. ಅದರಿಂದ ಬಂದ ಐದೂವರೆ ಕೆಜಿ ಚಾಪೆಯಲ್ಲಿ ಇರೋದು 770 ಗ್ರಾಂ. ಅಂದರೆ ಎಂಟು ದಿನ ಸಾಕಿದ ಮೇಲೆ ಮೇವು ಹೆಚ್ಚಾಗಲಿಲ್ಲ, ನೂರು ಗ್ರಾಂ ಮೇಲೆ ಕಮ್ಮಿ ಆಯ್ತು! ಯಾಕೆ ಅಂದರೆ, ಮೊಳಕೆ ಬೆಳೆಯೋದು ಕಾಳೊಳಗಿನ ಹಿಟ್ಟನ್ನ ತಿಂದುಕೊಂಡೇ. ಉಸಿರಾಡೋವಾಗ ಆ ಹಿಟ್ಟು ಸುಟ್ಟು ಗಾಳಿಗೆ ಹೋಗುತ್ತೆ. ನೆರಳಲ್ಲಿ ಇರೋ ಎಂಟು ದಿನದ ಎಳೆ ಎಲೆ ಆ ನಷ್ಟ ತುಂಬಿಕೊಡೋ ಅಷ್ಟು ಹೊಸದಾಗಿ ಮಾಡಲ್ಲ.

"ಪ್ರೋಟೀನ್ ಜಾಸ್ತಿ ಸಾರ್" ಅಂತಾರೆ. ಶೇಕಡಾವಾರು ಜಾಸ್ತಿ ಕಾಣುತ್ತೆ, ನಿಜ. ಹಾಲು ಬತ್ತಿಸಿದರೆ ಕೊಬ್ಬಿನ ಪ್ರಮಾಣ ಏರುತ್ತಲ್ಲ, ಹಾಗೆ. ಹಿಟ್ಟು ಕಮ್ಮಿ ಆಗಿದ್ದಕ್ಕೆ ಉಳಿದದ್ದರಲ್ಲಿ ಪ್ರೋಟೀನಿನ ಪಾಲು ದೊಡ್ಡದಾಗಿ ಕಾಣುತ್ತೆ. ಬರೀ ನೀರು ಕುಡಿದ ಕಾಳಿಗೆ ಹೊಸ ಪ್ರೋಟೀನ್ ಎಲ್ಲಿಂದ ಬರಬೇಕು?

ಈಗ ದುಡ್ಡು. ಕಾಳು ಕೆಜಿಗೆ 26ರಂತೆ ದಿನಕ್ಕೆ 104 ರೂಪಾಯಿ. ಕರೆಂಟು, ಬ್ಲೀಚಿಂಗ್ ಪುಡಿಗೆ 8. ಯೂನಿಟ್ ನಾಲ್ಕು ವರ್ಷ ಬಾಳಿದರೆ ದಿನಕ್ಕೆ 31, ಬಡ್ಡಿ ಬಿಟ್ಟು. ಅಕ್ಕನ ದುಡಿಮೆ ದಿನಕ್ಕೆ ಒಂದೂವರೆ ಗಂಟೆ, ಕೂಲಿ ದರದಲ್ಲಿ 65. ಒಟ್ಟು 208. ಕರಪತ್ರದಲ್ಲಿ ಆ ಅರವತ್ತೈದು ಇರಲ್ಲ. ನಮ್ಮ ಹೆಂಗಸರ ಬೆವರಿಗೆ ಯಾರು ಬೆಲೆ ಕಟ್ಟಿದ್ದಾರೆ ಹೇಳಿ? 208ನ್ನ 22 ಕೆಜಿಗೆ ಹಂಚಿ, ಕೆಜಿಗೆ ಒಂಬತ್ತೂವರೆ ಬೀಳುತ್ತೆ. ಎರಡು ರೂಪಾಯಿ ಎಲ್ಲಿ, ಒಂಬತ್ತೂವರೆ ಎಲ್ಲಿ!

ಒಣ ತೂಕದಲ್ಲಿ ಹಿಡಿದರೆ ಕೆಜಿಗೆ 67 ರೂಪಾಯಿ ದಾಟುತ್ತೆ. ಅದೇ ನಾಲ್ಕು ಕೆಜಿ ಕಾಳನ್ನ ಗಿರಣಿಯಲ್ಲಿ ನುಚ್ಚು ಮಾಡಿಸಿ ಹಾಕಿದ್ದರೆ ಗಿರಣಿ ಕೂಲಿ ಸೇರಿ 33.

ಹಾಲು ಏರಲಿಲ್ವಾ? ಮೊದಲ ತಿಂಗಳು ಬೂಸಾ, ಹಿಂಡಿ ಏನೂ ಕಮ್ಮಿ ಮಾಡದೆ ಚಾಪೆಯನ್ನ ಮೇಲಿಂದ ಹಾಕಿದಳು. ಹಸುವಿಗೆ ಅರ್ಧ ಲೀಟರ್ ಏರ್ತು. ಎರಡಕ್ಕೂ ಸೇರಿ ಡೇರಿಯಲ್ಲಿ 36 ರೂಪಾಯಿ. ಎರಡನೇ ತಿಂಗಳು ಮಾರೋನ ಮಾತು ಕೇಳಿ ಹಿಂಡಿಯನ್ನ ಹಸುವಿಗೆ ಒಂದೂವರೆ ಕೆಜಿ ಇಳಿಸಿದಳು. 84 ರೂಪಾಯಿ ಉಳೀತು, ಹಾಲು ಮೊದಲಿದ್ದ ಜಾಗಕ್ಕೇ ವಾಪಸ್ ಬಂತು. 84 ಉಳಿಸೋಕೆ 208 ಖರ್ಚು. ಅವಳ ಕೂಲಿ ಸೊನ್ನೆ ಅಂದುಕೊಂಡರೂ 143. ಅಷ್ಟು ಮಾಡಿದರೂ ಒಂದು ಹಸುವಿಗೆ ಸಿಗೋದು ಒಣ ಲೆಕ್ಕದಲ್ಲಿ ಒಂದೂವರೆ ಕೆಜಿ. ಕರೆಯೋ ಸೀಮೆಹಸುವಿಗೆ ದಿನಕ್ಕೆ ಹತ್ತು ಹನ್ನೆರಡು ಕೆಜಿ ಬೇಕು. ರಾಗಿಹುಲ್ಲು ಕೊಳ್ಳೋದು ತಪ್ಪಲೇ ಇಲ್ಲ.

ಆಗಲೇ ಹಾಕಿಕೊಂಡಿರೋರು ಬೂಷ್ಟು ಬಗ್ಗೆ ಹುಷಾರಾಗಿರಿ. ಮೊಳೆಯದ ಒಡಕು ಕಾಳಿಂದ ಶುರು ಆಗುತ್ತೆ. ಟ್ರೇ ನಡುವೆ ಕೈ ಇಟ್ಟರೆ ಬಿಸಿ, ಹುಳಿ ವಾಸನೆ, ಬೇರು ಕಂದು, ಆಮೇಲೆ ಬಿಳಿ ಜೇಡರ ಬಲೆ ಥರ, ಕೊನೆಗೆ ಹಸಿರು ಕಪ್ಪು ಪುಡಿ. ಆ ಭಾಗ ಮಾತ್ರ ಕಿತ್ತು ಉಳಿದದ್ದನ್ನ ಹಾಕಬೇಡಿ, ಇಡೀ ಟ್ರೇ ತಿಪ್ಪೆಗೆ ಸುರೀರಿ. ಕೆಲವು ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತೆ, ಆ ಹಾಲು ನಮ್ಮ ಮಕ್ಕಳೇ ಕುಡಿಯೋದು. ಔಷಧಿ ಸವರಿದ ಬಣ್ಣದ ಬಿತ್ತನೆ ಬೀಜವಂತೂ ಮುಟ್ಟಲೇಬೇಡಿ.

ಹಾಗಾದರೆ ಯಾರಿಗೂ ಬೇಡವಾ? ಬೇಸಿಗೆ ಎರಡು ತಿಂಗಳು ಒಂದು ಹಿಡಿ ಹಸಿರು ಎಲ್ಲೂ ಸಿಗದ ಕಡೆ, ಬಿದಿರು, ಹಳೇ ಸೀರೆ, ಗೋಣಿತಾಟಲ್ಲಿ ಮನೆಯಲ್ಲೇ ಕಟ್ಟಿಕೊಂಡು ಹಸುವಿಗೆ ನಾಲ್ಕೈದು ಕೆಜಿ ಹಾಕಿದರೆ ಒಣಹುಲ್ಲಿನ ಜೊತೆ ಹಸಿರಿನ ಅಂಶ ಸಿಗುತ್ತೆ, ಹಸು ಇಷ್ಟಪಟ್ಟು ತಿನ್ನುತ್ತೆ. ಅದಕ್ಕೆ ಸಾಲ ಬೇಡ.

ನನ್ನ ಸಿಟ್ಟು ಇರೋದು ಬೇರೆ ಕಡೆ. ನೀರಾವರಿಯಲ್ಲಿ ನೇಪಿಯರ್ ಹುಲ್ಲು ಎಕರೆಗೆ ವರ್ಷಕ್ಕೆ 150 ಟನ್ ಅಂತ ಪುಸ್ತಕ ಹೇಳುತ್ತೆ. ಅರ್ಧ ಹಿಡಿಯಿರಿ, 75 ಟನ್. ಒಂದು ಗುಂಟೆಗೆ ದಿನಕ್ಕೆ ಐದು ಕೆಜಿ ಆಯ್ತು. ಅಂದರೆ ಆ 32 ಟ್ರೇ ಕೊಡೋದನ್ನೆಲ್ಲ ಬರೀ ಐದು ಗುಂಟೆ ಕೊಡುತ್ತೆ, ನೀರು ಇದ್ದರೆ. ಹುಲ್ಲಲ್ಲಿ ಒಣ ಅಂಶವೂ ಜಾಸ್ತಿ, ಕಾಳು ಕೊಳ್ಳೋ ಖರ್ಚೂ ಇಲ್ಲ. ಕರ್ನಾಟಕ ಭೂಕಂದಾಯ ನಿಯಮಗಳು, 1966, ನಿಯಮ 97 ತೆಗೆದು ನೋಡಿ: ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. ನಮ್ಮ ಕಾಲೋನಿಯ ಹಸುಗಳು ಆ ಜಾನುವಾರು ಲೆಕ್ಕಕ್ಕೆ ಸೇರ್ತವೆ. ಗೋಮಾಳಕ್ಕೆ ಇಳಿದರೆ ಮಾತ್ರ ಬೈಸಿಕೊಂಡು ವಾಪಸ್ ಬರ್ತವೆ. ಒತ್ತುವರಿ ತೆರವು ಮಾಡಿಸಿ, ಮಹಿಳಾ ಸಂಘಕ್ಕೆ ಮೇವು ಬೆಳೆಯೋಕೆ ಒಂದಿಷ್ಟು ಜಾಗ, ಒಂದು ಬೋರ್‌ವೆಲ್ ಕೊಡಿ ಅಂದರೆ "ಜಾಗ ಎಲ್ಲಿದೆ ರೀ" ಅಂತ ಕಡತ ಪಕ್ಕಕ್ಕೆ ಇಡ್ತಾರೆ. ಮಣ್ಣಿಲ್ಲದ ಮೇವಿನ ಸಾಲಕ್ಕೆ ಮಾತ್ರ ಅದೇ ದಿನ ಸಹಿ!

ಅರ್ಜಿ ಹಾಕಿರೋ ಅಕ್ಕಂದಿರು, ತಂಗಿಯರು ಸಹಿ ಮಾಡೋಕೆ ಮುಂಚೆ ಮಾರೋನ ಹತ್ತಿರ ಒಂದು ಕೆಜಿ ಚಾಪೆ ಕೇಳಿ ತಗೊಳ್ಳಿ. ಅವನ ಮುಂದೆಯೇ ತೂಗಿ, ಒಣಗಿಸಿ, ನಾಲ್ಕು ದಿನ ಬಿಟ್ಟು ಮತ್ತೆ ಕರೆದು ತೂಗಿ ತೋರಿಸಿ. ಗೋಮಾಳದ ಸರ್ವೆ ನಂಬರು, ವಿಸ್ತೀರ್ಣ, ಒತ್ತುವರಿ ವಿವರ ಕೇಳಿ ತಾಲ್ಲೂಕು ಕಚೇರಿಗೆ ಆರ್‌ಟಿಐ ಹಾಕೋದು ಹೇಗೆ ಅಂತ ಗೊತ್ತಾಗದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ಅರ್ಜಿ ನಾನೇ ಬರೆದುಕೊಡ್ತೀನಿ.

ಜೈ ಭೀಮ್.