ಸ್ಲೋ ಮೋಷನ್‌ನಲ್ಲಿ ಎತ್ತಿದರೆ ಎದೆ ಬರುತ್ತಾ?

ಹೀರೋ ಸ್ಲೋ ಮೋಷನ್‌ನಲ್ಲಿ ನಡೆದು ಬಂದರೆ ಟಾಕೀಸಿನಲ್ಲಿ ಶಿಳ್ಳೆ ಬೀಳುತ್ತೆ, ಸರಿ. ಜಿಮ್‌ನಲ್ಲೂ ಎಲ್ಲಾ ನಿಧಾನಕ್ಕೆ ಮಾಡಿದರೆ ಮೈ ಬರುತ್ತಾ? ಗುರುಪುರದ ಅಭಿಮಾನಿಯೊಬ್ಬರ ಪ್ರಶ್ನೆ ಇದು. ಹುಣಸೂರಿನ ಜಿಮ್ಮಿಗೆ ಹೋಗ್ತಾರಂತೆ. ಬೆಂಚ್ ಪ್ರೆಸ್‌ನಲ್ಲಿ 60 ಕೆಜಿ, ಎಂಟು ಸಲ. ಆದರೆ ರಾಡು ಎದೆಗೆ ಬಡಿದು ಚೆಂಡಿನ ಹಾಗೆ ಮೇಲೆ ಹಾರುತ್ತಂತೆ. ಮಾಸ್ಟರು ಚೀಟಿಯಲ್ಲಿ ‘3-1-1-0’ ಅಂತ ಬರೆದುಕೊಟ್ಟಿದ್ದಾರೆ. "ಇದೇನು ಸಾರ್, ಬೀಗದ ನಂಬರಾ?"

ಅಲ್ಲ ಕಣಪ್ಪ, ಇದು ಟೆಂಪೊ. ಮೂರು ಸೆಕೆಂಡಿನಲ್ಲಿ ರಾಡು ಇಳಿಸು, ಎದೆಯ ಮೇಲೆ ಒಂದು ಸೆಕೆಂಡು ನಿಲ್ಲಿಸು, ಒಂದು ಸೆಕೆಂಡಿನಲ್ಲಿ ಎತ್ತು, ಮೇಲೆ ಕಾಯಬೇಡ. ಅಷ್ಟೇ.

ನಮ್ಮ ಅಭಿಮಾನಿಗೆ ಇದು ಸರಿಯಾದ ಮದ್ದು. ವೇಗವಾಗಿ ಇಳಿಸಿದಾಗ ಸ್ನಾಯು ರಬ್ಬರಿನಂತೆ ಎಳೆದುಕೊಂಡು ವಾಪಸ್ ಚಿಮ್ಮುತ್ತೆ, ಪಕ್ಕೆಲುಬೂ ಸ್ಪ್ರಿಂಗಿನ ಕೆಲಸ ಮಾಡುತ್ತೆ. 60 ಕೆಜಿಯಲ್ಲಿ ಒಂದಿಷ್ಟು ಆ ಚಿಮ್ಮುವಿಕೆಯ ಪುಣ್ಯ! ಒಂದು ಸೆಕೆಂಡು ನಿಲ್ಲಿಸಿದರೆ ಆ ಸಹಾಯ ಬಹಳಷ್ಟು ತಪ್ಪಿಹೋಗುತ್ತೆ. ಪವರ್‌ಲಿಫ್ಟಿಂಗ್ ಪಂದ್ಯದಲ್ಲೂ ರಾಡು ಎದೆಯ ಮೇಲೆ ಅಲುಗದೆ ನಿಂತ ಮೇಲೇ ರೆಫರಿ ‘ಪ್ರೆಸ್’ ಅನ್ನೋದು.

ಆದ್ದರಿಂದ ಮೊದಲು 45 ಕೆಜಿಗೆ ಇಳೀರಿ, ನಾಚಿಕೆ ಬೇಡ. ಎಂಟು ಸಲ, ಮೂರು ಸೆಟ್. ತಲೆಯ ಹತ್ತಿರ ಒಬ್ಬ ಗೆಳೆಯ ನಿಂತಿರಲಿ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ತೆಗೆಸಿ. ರಾಡು ಪ್ರತಿ ಸಲ ಒಂದೇ ಜಾಗಕ್ಕೆ ಮುಟ್ಟಿ ನಿಂತರೆ ಪಾಸು. ಐದನೇ ಸಲಕ್ಕೇ ಮೂರು ಸೆಕೆಂಡು ಒಂದೂವರೆ ಆಯಿತೋ, ಭಾರ ಜಾಸ್ತಿ ಅಂತ ಅರ್ಥ. ಎಂಟೂ ಸರಿಯಾಗಿ ಬಂದಾಗ ಎರಡೂವರೆ ಕೆಜಿ ಏರಿಸಿ. ಎಣಿಸದೇ ಇದ್ದರೂ ರಾಡು ಹಾರದಂತಾದ ಮೇಲೆ ಚೀಟಿ ಹರಿದು ಬಿಸಾಕಿ.

ಇನ್ನು ಮೈ ಬೆಳೆಯೋ ವಿಷಯ. ಶೋನ್‌ಫೆಲ್ಡ್ ಮತ್ತು ಸಂಗಡಿಗರು 2015ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಕೈ ಸೋಲುವ ತನಕ ಎತ್ತಿದರೆ, ಒಂದು ಸಲ ಇಳಿಸಿ ಎತ್ತೋಕೆ ಅರ್ಧ ಸೆಕೆಂಡಾಗಲಿ, ಎಂಟು ಸೆಕೆಂಡಾಗಲಿ, ಸ್ನಾಯು ಹೆಚ್ಚುಕಮ್ಮಿ ಒಂದೇ ಥರ ಬೆಳೆಯಿತು. ಹತ್ತು ಸೆಕೆಂಡು ದಾಟಿದರೆ ಮಾತ್ರ ನಷ್ಟವೇ ಇರಬಹುದು ಅಂದರು. ಅಷ್ಟು ನಿಧಾನಕ್ಕೆ ಎತ್ತೋಕೆ ಭಾರವನ್ನು ತೀರಾ ಕಮ್ಮಿ ಮಾಡಬೇಕಲ್ಲ!

ಭಾರವೇ ಇಲ್ಲದ ಕಡೆ ನಿಧಾನ ಉಪಯೋಗಕ್ಕೆ ಬರುತ್ತೆ. ಮನೆಯಲ್ಲಿ ಸಲೀಸಾಗಿ ನಲವತ್ತು ದಂಡ ಹೊಡೆಯೋರು ನಾಲ್ಕು ಸೆಕೆಂಡು ಇಳಿದು, ಕೆಳಗೆ ಒಂದು ಸೆಕೆಂಡು ನಿಂತು ನೋಡಿ. ನಲವತ್ತಕ್ಕೆ ಬಹಳ ಮೊದಲೇ ಕೈ ನಡುಗುತ್ತೆ. ಮೊದಲ ವಾರ ನೋವು ಜಾಸ್ತಿ ಇರುತ್ತೆ, ಎರಡೇ ಸೆಟ್ ಸಾಕು.

ಮುಂದಿನ ವಾರ ಬಸ್ಕಿ. ಮಂಡಿ ನೋವಿನೋರು ಕಾಗದ ಹಾಕಿ!