ಕನ್ನಡಕ್ಕೆ ಈ ಡಬ್ಬಿ ಆಗಲ್ಲ ಅಂದೋರಿಗೆ

1/5
ಮೊನ್ನೆ ಸ್ಟೋರಿಯಲ್ಲಿ ಲೆಟರ್ ಬಾಕ್ಸ್ಡ್ ಹಾಕಿದ್ದೆ. ನ್ಯೂಯಾರ್ಕ್ ಟೈಮ್ಸ್‌ನವರ ಚೌಕದ ಆಟ. ಒಂದೊಂದು ಬದಿಗೆ ಮೂರರಂತೆ ಒಟ್ಟು 12 ಅಕ್ಷರ. ಒಂದೇ ಬದಿಯ ಎರಡು ಅಕ್ಷರ ಪದದಲ್ಲಿ ಅಕ್ಕಪಕ್ಕ ಬರಂಗಿಲ್ಲ. ಒಂದು ಪದ ಮುಗಿದ ಅಕ್ಷರದಿಂದಲೇ ಮುಂದಿನ ಪದ ಶುರುವಾಗಬೇಕು. ಕೊನೆಗೆ 12ರಲ್ಲಿ ಒಂದೂ ಉಳೀಬಾರದು.

ರಿಪ್ಲೈ ಬಂತು ನೋಡಿ, ಅದೂ ನಮ್ಮ ಕಡೂರಿನ ಕ್ಲಾಸ್‌ಮೇಟ್ಸ್‌ಗಳಿಂದಲೇ: "ಕನ್ನಡದಲ್ಲಿ ಇದೆಲ್ಲ ವರ್ಕ್ ಆಗಲ್ಲ ಗುರು, ಗುಣಿತ ಒತ್ತು ಜಾಸ್ತಿ." ತಪ್ಪು ನಮ್ಮ ಭಾಷೇದಲ್ಲ. ಡಬ್ಬಿಗೆ ಏನು ಹಾಕ್ಬೇಕು ಅಂತ ನೀವು ಯೋಚನೆ ಮಾಡಿಲ್ಲ, ಅಷ್ಟೇ.

2/5
ನೀವು ಗುಣಿತಾಕ್ಷರವನ್ನ ಹಾಗೇ ಹಾಕ್ತೀರ. ಆಗ "ಕಡೂರು" ಮುಗಿಯೋದು "ರು"ಗೆ. "ರು"ವಿನಿಂದ ಶುರುವಾಗೋ ಪದ ಎಷ್ಟಿವೆ? ರುಚಿ, ರುಮಾಲು... ಬೇಗ ಸುಸ್ತಾಗ್ತೀರ. ಆದ್ರೆ ಟೂರ್ ಬಸ್ಸಲ್ಲಿ ಅಂತ್ಯಾಕ್ಷರಿ ಆಡುವಾಗ ಹಾಡು "ರು"ಗೆ ಮುಗಿದ್ರೆ "ರ" ಅಂತ ತಗೊಂಡು ಹಾಡಲ್ವಾ? ಅದೇ ನಿಯಮ ಇಲ್ಲಿಗೂ ತನ್ನಿ. ಚೌಕದಲ್ಲಿ ಬರೀ ಮೂಲ ವ್ಯಂಜನ ಇರಲಿ. ಗುಣಿತ, ಸೊನ್ನೆ ಎರಡೂ ಫ್ರೀ. ಪದದಲ್ಲಿ ಕನಿಷ್ಠ ಮೂರು ವ್ಯಂಜನ ಇರಲಿ.

ಇಂಗ್ಲಿಷ್ ಆಟದಲ್ಲಿ ಜೋಡಿ ಅಕ್ಷರ ನಡೆಯಲ್ಲ. ಹಾಗೇ ನಕಲು ಹೊಡೆದ್ರೆ "ಕನ್ನಡ" ಅನ್ನೋ ಪದಾನೇ ಔಟ್, ನಮ್ಮ ಅಜ್ಜಂಪುರಾನೂ ಔಟ್. ಅದಕ್ಕೇ ನನ್ನ ನಿಯಮ: ನ್ನ, ಜ್ಜ, ಳ್ಳ ಥರದ ಒತ್ತು ಒಂದೇ ಅಕ್ಷರದ ಲೆಕ್ಕ.

3/5
ಈಗ ಡಬ್ಬಿ:

ಮೇಲೆ: ಕ ರ ಳ
ಬಲಕ್ಕೆ: ಡ ದ ಯ
ಕೆಳಗೆ: ಸ ಬ ವ
ಎಡಕ್ಕೆ: ಲ ಮ ನ

ಎಲ್ಲರೂ ಮೊದಲು ಉದ್ದದ ಪದ ಹುಡುಕ್ತಾರೆ. ಅದೇ ಎಡವಟ್ಟು. ಮೊದಲು ಕಾಟ ಕೊಡೋ ಅಕ್ಷರ ಹಿಡೀರಿ. ಇಲ್ಲಿ ಅದು "ಳ". "ಳ"ದಿಂದ ಕನ್ನಡ ಪದ ಶುರುವಾಗಲ್ಲ. ಹಾಗಾಗಿ ಅದು ಒಂದೋ ಪದದ ಮಧ್ಯದಲ್ಲಿರಬೇಕು, ಇಲ್ಲಾಂದ್ರೆ ಕೊನೇ ಪದದ ಕೊನೇಲಿ. "ದಿವಾಳಿ" ಸಿಕ್ತು ಅಂತ ಖುಷಿಪಟ್ಟು ಮೊದಲೇ ಇಟ್ರೆ ಆಟವೇ ದಿವಾಳಿ, ಮುಂದಕ್ಕೆ ದಾರಿ ಇಲ್ಲ. "ಬೆಳಕು" ಆಗಲ್ಲ, ಳ-ಕ ಒಂದೇ ಬದಿ. "ದಾಳಿಂಬೆ" ಆಗುತ್ತೆ: ದ-ಳ-ಬ. ಮುಗಿಯೋದು "ಬ"ಗೆ, ಅಲ್ಲಿಂದ ಪದಕ್ಕೆ ಬರ ಇಲ್ಲ.

4/5
"ಬ"ದಿಂದ ನಮ್ಮೂರಿನ ಕಡೇದೇ ಪದ: ಬಯಲುಸೀಮೆ. ಬ-ಯ-ಲ-ಸ-ಮ. (ಮಲೆನಾಡು ಅಂದಿರಾ? ಮ-ಲ ಒಂದೇ ಬದಿ, ಈ ಡಬ್ಬಿಯೊಳಗೆ ಎಂಟ್ರಿ ಇಲ್ಲ.) ಈಗ ಉಳಿದಿದ್ದು ಕ, ರ, ಡ, ವ, ನ. "ಮ"ದಿಂದ ಮಾವಿನಕಾಯಿ: ವ, ನ, ಕ ಮೂರೂ ಬಂತು. ಅದು "ಯ"ಗೆ ಮುಗಿಯುತ್ತೆ, ಅಲ್ಲಿಂದ ಮುಂದಕ್ಕೆ ಪದ ಕಮ್ಮಿ. ಹಾಗಾಗಿ ಅದನ್ನೇ ಕೊನೇ ಪದ ಮಾಡಿ.

ಉಳಿದ ರ, ಡ ಎಲ್ಲಿಡೋದು? ಮುಂದೆ ಜಾಗ ಇಲ್ಲಾಂದ್ರೆ ಹಿಂದಕ್ಕೆ ಕಟ್ಟಿ. "ದಾಳಿಂಬೆ"ಗೆ ಮೊದಲು "ದ"ಗೆ ಮುಗಿಯೋ ಪದ: ರಸೀದಿ. ಅದಕ್ಕೂ ಮೊದಲು "ರ"ಗೆ ಮುಗಿಯೋ, "ಡ" ಇರೋ ಪದ: ಕಡೂರು!

ಕಡೂರು → ರಸೀದಿ → ದಾಳಿಂಬೆ → ಬಯಲುಸೀಮೆ → ಮಾವಿನಕಾಯಿ. ಐದು ಪದ, 12 ಅಕ್ಷರ. ಊರ ಹೆಸರು ಬೇಡ ಅನ್ನೋರು "ಬಿಡಾರ" ಇಟ್ಕೊಳ್ಳಿ, ಆಗಲೂ ಹನ್ನೆರಡೂ ಮುಗಿಯುತ್ತೆ. ಇದೇ ಐದು ಪದಾನ ಗುಣಿತದ ಸಮೇತ ಬರೆದಿದ್ರೆ 18 ಬೇರೆ ಬೇರೆ ಅಕ್ಷರ ಬೇಕಿತ್ತು, ಕೊಂಡಿಯೂ ಕೂಡ್ತಿರಲಿಲ್ಲ.

5/5
ಫ್ರೆಂಡ್ ಒಬ್ಬ ನಾಲ್ಕೇ ಪದದಲ್ಲಿ ಮುಗಿಸಿ ಮೀಸೆ ತಿರುವಿದ: ಕಡೂರಿಂದ → ದಾಳಿಂಬೆ → ಬಯಲುಸೀಮೆ → ಮಾವಿನಕಾಯಿ. ಅಕ್ಷರ ಎಲ್ಲ ಸರಿ ಇದೆ. ಆದ್ರೂ ನಾನು ಒಪ್ಪಲ್ಲ. "ಇಂದ" ಬಿಟ್ರೆ ಯಾವ ಪದವನ್ನಾದ್ರೂ "ದ"ಗೆ ತಂದು ನಿಲ್ಲಿಸಬಹುದು. ಪದದ ಕೊನೆ ಎಲ್ಲಿ ಬೀಳುತ್ತೆ ಅನ್ನೋ ತಲೆಬಿಸಿಯೇ ಈ ಆಟ. ಅದು ಹೋದ್ರೆ ಉಳಿಯೋದು ಬರೀ ಡಬ್ಬಿ. "ಮಾವಿನ ಅನ್ನೋದ್ರಲ್ಲೂ ವಿಭಕ್ತಿ ಇದೆಯಲ್ಲೋ" ಅಂತ ಜಗಳಕ್ಕೆ ಬಂದ. ಇದೆ ಕಣೋ. ಆದ್ರೆ ಮಾವಿನಕಾಯಿ ಒಂದು ವಸ್ತುವಿನ ಹೆಸರು, ಅಂಗಡೀಲಿ ಕೇಳಿದ್ರೆ ಕೊಡ್ತಾರೆ. "ಕಡೂರಿಂದ" ಕೇಳಿ ನೋಡು.

ಆಗಲ್ಲ ಅಂದೋರೇ, ವಿಭಕ್ತಿ ಇಲ್ಲದೆ ಇದೇ ಡಬ್ಬೀನ ನಾಲ್ಕು ಪದದಲ್ಲಿ ಬಿಡಿಸಿ ಕಾಮೆಂಟ್ ಹಾಕಿ. ತರೀಕೆರೆಯವರೂ ಬನ್ನಿ, ಈ ಡಬ್ಬೀಲಿ "ತ" ಇಲ್ಲ ಅಂತ ಬೇಜಾರಾಗ್ಬೇಡಿ, ಮುಂದಿನದು ನಿಮ್ಮೂರಿಂದೇ.

#ಪದಡಬ್ಬಿ #ಕಡೂರು #ಕನ್ನಡದಲ್ಲಿಆಡು