ಹಾವು ಕಡಿತದ ಪೋಸ್ಟರ್: ಓದಲು ಬಾರದವರಿಗೆ ಚಿತ್ರ ಉಲ್ಟಾ ಹೇಳಿದರೆ ಏನು ಗತಿ?

ಕೊಳ್ಳೇಗಾಲ/ಹನೂರು/ಯಳಂದೂರು: ಹಾವು ಕಡಿತವನ್ನು ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಆಮೇಲೆ ಪ್ರತಿ ಪ್ರಕರಣವನ್ನೂ, ಪ್ರತಿ ಸಾವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಮರು ತಿಂಗಳೇ ಕೇಂದ್ರ ಸರ್ಕಾರ ಹಾವು ಕಡಿತದ ಸಾವನ್ನು 2030ರೊಳಗೆ ಅರ್ಧಕ್ಕೆ ಇಳಿಸುವ ಕ್ರಿಯಾ ಯೋಜನೆ ತಂದಿತು. ಆದರೆ ಲೆಕ್ಕ ಇಡೋದು ರೋಗಿ ಆಸ್ಪತ್ರೆಗೆ ಬಂದ ಮೇಲಿನ ಕೆಲಸ. ಹಾವು ಕಚ್ಚಿದ ಮೊದಲ ಅರ್ಧ ಗಂಟೆಯಲ್ಲಿ ಮನೆಯವರು ಏನು ಮಾಡ್ತಾರೆ ಅನ್ನೋದನ್ನು ತಿದ್ದೋಕೆ ಇರುವ ಸಾಧನಗಳಲ್ಲಿ ಮುಖ್ಯವಾದದ್ದು ಗೋಡೆ ಮೇಲಿನ ಪೋಸ್ಟರ್.

2011ರ ಜನಗಣತಿ ಪ್ರಕಾರ ಚಾಮರಾಜನಗರ ಜಿಲ್ಲೆಯ ಸಾಕ್ಷರತೆ ಶೇ 61ರ ಆಸುಪಾಸು, ಹೆಂಗಸರಲ್ಲಿ ಶೇ 55ರಷ್ಟು. ಗದ್ದೆ, ಜೋಳದ ಹೊಲ, ಕಾಡಂಚಿನ ದಾರಿಯಲ್ಲಿ ಹಾವಿಗೆ ಸಿಕ್ಕುವವರಲ್ಲಿ ಓದು ಬಾರದವರು ಬಹಳ ಮಂದಿ. ಅವರಿಗೆ ಬರಹ ಬೇಡ, ಚಿತ್ರ ಹಾಕಿದರೆ ಸಾಕು ಅನ್ನುವುದು ಸುಲಭದ ಮಾತು. ಆದರೆ ಚಿತ್ರವನ್ನೂ ಓದಲು ಕಲಿಯಬೇಕು. ಓದು ಕಲಿತವರು ಬಿಡಿಸಿದ ಚಿತ್ರ ಓದು ಬಾರದವರಿಗೆ ಬೇರೆಯದೇ ಹೇಳಬಹುದು, ಕೆಲವೊಮ್ಮೆ ಪೂರ್ತಿ ಉಲ್ಟಾ ಹೇಳಬಹುದು.

ಇದಕ್ಕೆ ನಮ್ಮ ದೇಶದಲ್ಲೇ ಒಂದು ಪಾಠ ಇದೆ. 2009ರಲ್ಲಿ ತಂಬಾಕು ಪೊಟ್ಟಣದ ಮೇಲೆ ಚಿತ್ರದ ಎಚ್ಚರಿಕೆ ಕಡ್ಡಾಯವಾದಾಗ ಅಗಿಯುವ ತಂಬಾಕಿಗೆ ಕೊಟ್ಟಿದ್ದು ಚೇಳಿನ ಚಿತ್ರ. ಚೇಳಿಗೂ ಬಾಯಿ ಕ್ಯಾನ್ಸರಿಗೂ ಏನು ಸಂಬಂಧ ಅಂತ ನೋಡಿದವರಿಗೆ ಹೊಳೆಯಲಿಲ್ಲ. ಕೊನೆಗೆ 2011ರ ಡಿಸೆಂಬರ್‌ನಿಂದ ಹುಣ್ಣಾದ ಬಾಯಿಯ ಫೋಟೊನೇ ಬಂತು. ಚೇಳಿನ ಚಿತ್ರ ಅರ್ಥವಾಗದೆ ಹೋಯಿತು ಅಷ್ಟೆ. ಹಾವಿನ ಪೋಸ್ಟರಿನಲ್ಲಿ ಅಪಾರ್ಥವಾದರೆ ಜೀವ ಹೋಗುತ್ತದೆ.

ಇಂಟು ಗುರುತು ಬೇಡ ಅಂತಲಾ, ಬೇಕು ಅಂತಲಾ?

ಇಂಥ ಪೋಸ್ಟರಿನ ಮುಖ್ಯ ಮಾತು ಮೂರು: ಕಟ್ಟಬೇಡಿ, ಕುಯ್ಯಬೇಡಿ, ಮಂತ್ರ–ನಾಟಿ ಮದ್ದು ಅಂತ ಹೊತ್ತು ಕಳೆಯಬೇಡಿ. ಕಾಲಿಗೆ ಹಗ್ಗ ಬಿಗಿದರೆ ರಕ್ತ ನಿಂತು ಕಾಲೇ ಕೊಳೆಯಬಹುದು, ಬಿಚ್ಚಿದ ಕೂಡಲೇ ವಿಷ ಒಮ್ಮೆಲೇ ಮೇಲೇರಬಹುದು. ಇದನ್ನು ಹೇಳೋಕೆ ಹಗ್ಗ ಕಟ್ಟಿದ ಕಾಲು ಬಿಡಿಸಿ ಮೇಲೊಂದು ಇಂಟು ಗುರುತು ಹಾಕುವುದು ವಾಡಿಕೆ.

ಇಂಟು ಅಂದ್ರೆ ತಪ್ಪು ಅಂತ ಗೊತ್ತಾಗೋದು ಶಾಲೆಗೆ ಹೋದವರಿಗೆ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಹೊಡೆದದ್ದನ್ನು ನೋಡಿದವರಿಗೆ. ಶಾಲೆ ಮೆಟ್ಟಿಲು ಹತ್ತದವರು ಚಿತ್ರದ ಮೇಲೆ ಗುರುತು ಬೀಳುವುದನ್ನು ನೋಡಿರುವುದು ಗ್ರಾಮ ಪಂಚಾಯಿತಿ ಚುನಾವಣೆಯ ಮತಪತ್ರದಲ್ಲಿ. ಅಲ್ಲಿ ಚಿಹ್ನೆಯ ಪಕ್ಕ ಒತ್ತುವ ಅಡ್ಡ ಗೆರೆಗಳ ಮುದ್ರೆಗೆ ಅರ್ಥ 'ನನಗೆ ಇದೇ ಬೇಕು' ಅಂತ. ಇನ್ನು ಆಸ್ಪತ್ರೆಯ ಪ್ಲಸ್ ಗುರುತು ಸ್ವಲ್ಪ ವಾರೆಯಾದರೆ ಅದೂ ಇಂಟುವೇ. ಹಗ್ಗ ಕಟ್ಟಿದ ಕಾಲಿನ ಮೇಲೆ ಕೆಂಪು ಇಂಟು ಕಂಡವರು 'ಆಸ್ಪತ್ರೆಯವರು ಹಿಂಗೆ ಕಟ್ಟಿ ಅಂತವ್ರೆ' ಅಂದುಕೊಂಡರೆ ತಪ್ಪು ಅವರದ್ದಲ್ಲ.

ಇದಕ್ಕೆ ದಾರಿ ಅಂದರೆ, ಮಾಡಬಾರದ್ದನ್ನು ಬಿಡಿಸುವುದನ್ನೇ ಆದಷ್ಟು ಕಡಿಮೆ ಮಾಡಿ, ಮಾಡಬೇಕಾದ್ದನ್ನು ಮಾತ್ರ ದೊಡ್ಡದಾಗಿ ಬಿಡಿಸುವುದು. ಹಗ್ಗ ತೋರಿಸಲೇಬೇಕು ಅಂದರೆ, ಪಕ್ಕದವರು ಕೈ ಅಡ್ಡ ಹಿಡಿದು ತಡೆಯುತ್ತಿರುವ ಹಾಗೆ ತೋರಿಸಬಹುದು. ಕಾಲನ್ನು ಮಾತ್ರ ಕತ್ತರಿಸಿದ ಹಾಗೆ ಬಿಡಿಸದೆ ಇಡೀ ಮನುಷ್ಯನನ್ನು ಬಿಡಿಸಬೇಕು. ಬರೀ ಕಾಲು ಕಂಡರೆ ಕಾಲು ತುಂಡಾಗಿದೆ ಅಂದುಕೊಳ್ಳುವವರೂ ಇರುತ್ತಾರೆ.

ನಿದ್ದೆಯಲ್ಲ, ವಿಷ

ಎಲ್ಲಕ್ಕಿಂತ ಕಷ್ಟದ ಚಿತ್ರ ಕಟ್ಟುಹಾವಿನದ್ದು. ನಮ್ಮಲ್ಲಿ ಸಿಗುವ ಆಂಟಿವೆನಮ್ ಕೆಲಸ ಮಾಡುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ. ಪೋಸ್ಟರಿನಲ್ಲಿ ಹೆಡೆ ಎತ್ತಿದ ನಾಗರ ಒಂದೇ ಇದ್ದರೆ, ಹೆಡೆ ಇಲ್ಲದ್ದು ವಿಷದ ಹಾವಲ್ಲ ಅನ್ನುವ ಅರ್ಥ ತಾನಾಗಿ ಬರುತ್ತದೆ.

ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೇ ಇರುವುದಿಲ್ಲ, ಗಾಯವೂ ಸರಿಯಾಗಿ ಕಾಣುವುದಿಲ್ಲ. ನಡುರಾತ್ರಿ ಹೊಟ್ಟೆನೋವು ಅಂತ ಏಳುತ್ತಾರೆ. ಆಮೇಲೆ ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಹಾಗಾಗಿ ರೆಪ್ಪೆ ಇಳಿದ ಮುಖವನ್ನು ತೋರಿಸಲೇಬೇಕು. ಆದರೆ ಅರ್ಧ ಮುಚ್ಚಿದ ಕಣ್ಣಿನ ಮುಖ ನೋಡಿದವರು 'ನಿದ್ದೆ ಬಂದದೆ, ಮಲಗಿಸಿ' ಅಂತ ಓದಿಕೊಂಡರೆ? ಅದು ಸಾವಿಗೇ ದಾರಿ.

ಇಲ್ಲಿ ಒಂದು ಮುಖ ಸಾಲದು. ಒಬ್ಬರು ಹಣೆ ಸುಕ್ಕುಗಟ್ಟಿಸಿ, ಬೆರಳಿನಿಂದ ರೆಪ್ಪೆ ಎತ್ತಿ ಹಿಡಿಯಲು ನೋಡುತ್ತಿರುವಂತೆ, ಎದ್ದು ಕೂತಿರುವಂತೆ ಬಿಡಿಸಿದರೆ ನಿದ್ದೆಯ ಅರ್ಥ ಹೋಗುತ್ತದೆ. ರಾತ್ರಿ ಅಂತ ಹೇಳೋಕೆ ಗಡಿಯಾರ ಬೇಡ, ಚಂದ್ರ ಸಾಕು. ಚಿತ್ರಗಳನ್ನು ಎಡದಿಂದ ಬಲಕ್ಕೆ ಜೋಡಿಸುವಾಗಲೂ ಹುಷಾರಾಗಿರಬೇಕು. ಆ ಕ್ರಮ ಅಕ್ಷರ ಓದುವವರ ಅಭ್ಯಾಸ. ಮೇಲಿಂದ ಕೆಳಕ್ಕೆ, ಒಂದೇ ದಾರಿಯಲ್ಲಿ ಒಬ್ಬನೇ ಮನುಷ್ಯ ಹೊಲದಿಂದ ಆಸ್ಪತ್ರೆವರೆಗೆ ಸಾಗುವ ಹಾಗೆ ಬಿಡಿಸಿದರೆ ದಾರಿ ತಪ್ಪುವುದು ಕಡಿಮೆ.

ಆ ದಾರಿಯೂ ಇಲ್ಲಿನದ್ದೇ ಆಗಿರಬೇಕು. ಬರೀ ಆಂಬುಲೆನ್ಸ್ ಬಿಡಿಸಿದರೆ ಹನೂರು ತಾಲ್ಲೂಕಿನ ಕಾಡೊಳಗಿನ ಊರುಗಳಿಗೆ ಉಪಯೋಗವಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸುತ್ತ ರೋಗಿಯನ್ನು ಡೋಲಿಯಲ್ಲಿ ಹೊತ್ತು ತರುವ ಊರುಗಳಿವೆ, ಫೋನ್ ಸಿಗ್ನಲ್ ಸಿಗದ ಜಾಗಗಳಿವೆ. ಬೈಕಿನಲ್ಲಿ ಇಬ್ಬರ ನಡುವೆ ರೋಗಿಯನ್ನು ಕೂರಿಸಿಕೊಂಡು ಹೋಗುವ ಚಿತ್ರ, ಡೋಲಿಯ ಚಿತ್ರ, ಎರಡೂ ಬೇಕು. ಕಚ್ಚಿಸಿಕೊಂಡವರು ನಡೆಯಬಾರದು, ಓಡಬಾರದು ಅನ್ನುವುದೂ ಅದರಲ್ಲೇ ಬಂದುಹೋಗುತ್ತದೆ. ಬರಹ ಅಂತ ಉಳಿಯಬೇಕಾದ್ದು 108 ಅನ್ನುವ ಅಂಕಿ. ಅಕ್ಷರ ಬಾರದವರೂ ಫೋನಿನಿಂದಾಗಿ ಅಂಕಿ ಗುರುತು ಹಿಡಿಯುತ್ತಾರೆ. ಆಸ್ಪತ್ರೆ ಅಂತ ತೋರಿಸೋಕೆ ಪ್ಲಸ್ ಗುರುತಿಗಿಂತ ಆಂಟಿವೆನಮ್ ಇರುವ ಹತ್ತಿರದ ಆಸ್ಪತ್ರೆ ಕಟ್ಟಡದ ಫೋಟೊನೇ ಅಂಟಿಸುವುದು ವಾಸಿ. ಪ್ಲಸ್ ಗುರುತು ಮೆಡಿಕಲ್ ಸ್ಟೋರಿಗೂ ಇರುತ್ತದೆ.

ಇಪ್ಪತ್ತು ಜನರ ಪರೀಕ್ಷೆ

ಚಿತ್ರ ಸರಿ ಇದೆಯಾ ಅಂತ ಅಚ್ಚು ಹಾಕುವ ಮೊದಲೇ ತಿಳಿಯಬಹುದು. ಅಮೆರಿಕದ ಸುರಕ್ಷತಾ ಚಿಹ್ನೆಗಳ ಮಾನದಂಡ ಹೇಳುವುದು ಇಷ್ಟು: ನೋಡಿದವರಲ್ಲಿ ಶೇ 85 ಮಂದಿಗೆ ಸರಿಯಾಗಿ ತಿಳಿಯಬೇಕು, ಅಪಾಯದ ಉಲ್ಟಾ ಅರ್ಥ ಮಾಡಿಕೊಂಡವರು ಶೇ 5 ಮೀರಬಾರದು. 20 ಜನರಿಗೆ ತೋರಿಸಿದರೆ 17 ಮಂದಿ ಸರಿ ಹೇಳಬೇಕು, ಉಲ್ಟಾ ಹೇಳುವವರು ಒಬ್ಬರಿಗಿಂತ ಹೆಚ್ಚಿರಬಾರದು. ಇಷ್ಟು ಕಡಿಮೆ ಜನರಲ್ಲಿ ಲೆಕ್ಕ ಪಕ್ಕಾ ಆಗುವುದಿಲ್ಲ, ಆದರೆ ಕೆಟ್ಟ ಚಿತ್ರ ಸಿಕ್ಕಿಬೀಳುತ್ತದೆ.

ಕೇಳುವ ರೀತಿಯೂ ಮುಖ್ಯ. 'ಅರ್ಥ ಆಯ್ತಾ ಅವ್ವ?' ಅಂದರೆ ಎಲ್ಲರೂ ಹೂಂ ಅಂತಾರೆ. 'ಇದ್ರಲ್ಲಿ ಏನ್ ಕಾಣ್ತದೆ? ಹಿಂಗಾದ್ರೆ ನೀವು ಏನ್ ಮಾಡೀರಿ?' ಅಂತ ಒಬ್ಬೊಬ್ಬರನ್ನೇ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಬೇಕು. ಆಶಾ ಕಾರ್ಯಕರ್ತೆಯರು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸ ಇದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಲ್ಲಿ ಒಮ್ಮೆ, ಯಳಂದೂರಿನ ಗದ್ದೆ ಬಯಲಿನಲ್ಲಿ ಒಮ್ಮೆ ಬೇರೆ ಬೇರೆಯಾಗಿ ಮಾಡಬೇಕು. ಒಂದು ಕಡೆ ತಿಳಿದ ಚಿತ್ರ ಇನ್ನೊಂದು ಕಡೆ ತಿಳಿಯುತ್ತದೆ ಅಂತೇನಿಲ್ಲ.

ಪಾಸಾದ ಪೋಸ್ಟರನ್ನು ಎಲ್ಲಿ ಅಂಟಿಸುತ್ತಾರೆ ಅನ್ನುವುದು ಕೊನೆಯ ಪ್ರಶ್ನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆ ನೋಡುವವರು ಆಗಲೇ ಆಸ್ಪತ್ರೆಗೆ ಬಂದವರು. ಹಗ್ಗ ಕೈಗೆತ್ತಿಕೊಳ್ಳುವ ಮೊದಲು ಚಿತ್ರ ಕಣ್ಣಿಗೆ ಬಿದ್ದಿರಬೇಕಾದರೆ ಅದು ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ, ಗೊಬ್ಬರದ ಅಂಗಡಿ ಗೋಡೆ ಮೇಲೆ ಇರಬೇಕು.